ಪಕ್ಕದ ಬೇಕರಿಯ ಪೇಜ್ ಓದುವುದು ಹೇಗೆ?

ಹೊಸದಾಗಿ ಇನ್‌ಸ್ಟಾಗ್ರಾಂ ಪೇಜ್ ಶುರು ಮಾಡುವ ಬಡಾವಣೆಯ ಬೇಕರಿಯವರು, ಮೈಸೂರಿನ ಕುವೆಂಪುನಗರವಿರಲಿ ವಿಜಯನಗರವಿರಲಿ, ಮೊದಲು ಮಾಡುವ ಕೆಲಸ ಒಂದೇ. ಯಾರದೋ ರೀಲ್‌ಗೆ ಸಾವಿರ ಲೈಕ್ ಬಿದ್ದಿದ್ದು ನೋಡಿ, ಅಂಥದ್ದೇ ಒಂದನ್ನು ತಾವೂ ಮಾಡಿ ಹಾಕುತ್ತಾರೆ. ಕೇಕ್ ಮೇಲೆ ಚಾಕೊಲೇಟ್ ಸುರಿಯುವುದು, ನಿಧಾನಕ್ಕೆ ಕತ್ತರಿಸುವುದು, ಹಿನ್ನೆಲೆಗೆ ಅದೇ ಹಾಡು. ತಿಂಗಳಾದರೂ ಹೊಸ ಗಿರಾಕಿ ಬರುವುದಿಲ್ಲ. ಬೇರೆಯವರು ಏನು ಹಾಕಿದ್ದಾರೆ ಎಂಬುದರಷ್ಟೇ ಮುಖ್ಯವಾದದ್ದು, ಅದರ ಕೆಳಗೆ ಜನ ಏನು ಕೇಳಿದ್ದಾರೆ, ಯಾವ ಪ್ರಶ್ನೆಗೆ ಉತ್ತರ ಸಿಗದೆ ಹೋಗಿದೆ ಎಂಬುದು. ಅದನ್ನು ಪತ್ತೆ ಹಚ್ಚುವ ಕ್ರಮ ಇಲ್ಲಿದೆ. ಒಂದು ಫೋನು, ಗೂಗಲ್ ಶೀಟ್ಸ್, ಎರಡು ಮೂರು ಮಧ್ಯಾಹ್ನ ಸಾಕು.

1. ಯಾರ ಪೇಜ್ ನೋಡಬೇಕು

ಬೆಂಗಳೂರಿನ ದೊಡ್ಡ ಕೇಕ್ ಅಂಗಡಿಗಳನ್ನು ಬಿಟ್ಟುಬಿಡಿ. ಅವರ ಗಿರಾಕಿಯೇ ಬೇರೆ. ಇವತ್ತು ನಿಮ್ಮಲ್ಲಿ ಕೇಕ್ ಸಿಗದಿದ್ದರೆ ನಿಮ್ಮ ಗಿರಾಕಿ ಎಲ್ಲಿಗೆ ಹೋಗುತ್ತಾರೆ? ಅವರೇ ನಿಮ್ಮ ಪೈಪೋಟಿ. ಐದು ಪೇಜ್ ಆರಿಸಿಕೊಳ್ಳಿ: ನಿಮ್ಮ ಬಡಾವಣೆಯ ಅಥವಾ ಪಕ್ಕದ ಬಡಾವಣೆಯ ಎರಡು ಬೇಕರಿ, ಊರಿನಲ್ಲಿ ನಾಲ್ಕೈದು ಶಾಖೆ ಇರುವ ಒಂದು ಬೇಕರಿ, ಮನೆಯಲ್ಲೇ ಕೇಕ್ ಮಾಡಿ ಕೊಡುವ ಒಬ್ಬರು, ಮಂಡ್ಯದಲ್ಲಿ ನಿಮ್ಮಷ್ಟೇ ಗಾತ್ರದ ಒಂದು ಅಂಗಡಿ. ಮನೆಯಲ್ಲಿ ಕೇಕ್ ಮಾಡುವವರನ್ನು ಬೇಕರಿಯವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹುಟ್ಟುಹಬ್ಬದ ಆರ್ಡರ್‌ಗಳು ಜಾರಿಹೋಗುವುದು ಅಲ್ಲಿಗೇ, ಹಾಗಾಗಿ ಅವರ ಪೇಜ್ ತಪ್ಪಿಸಬೇಡಿ.

ಪ್ರೊಫೈಲು, ಪೋಸ್ಟು, ರೀಲು ನೋಡಿದರೆ ಅವರಿಗೆ ಗೊತ್ತಾಗುವುದಿಲ್ಲ. ಸ್ಟೋರಿ ನೋಡಿದರೆ ಮಾತ್ರ ನಿಮ್ಮ ಹೆಸರು ಅವರಿಗೆ ಕಾಣುತ್ತದೆ. ಅಂಗಡಿಯ ಅಕೌಂಟಿನಿಂದ ಸ್ಟೋರಿ ತೆರೆಯದಿರುವುದೇ ವಾಸಿ.

2. ಪಟ್ಟಿ ಬರೆಯುವುದು

ಪ್ರತಿ ಪೇಜಿನ ಕೊನೆಯ 30 ಪೋಸ್ಟ್ ಸಾಕು. ಶೀಟಿನಲ್ಲಿ ಆರು ಕಾಲಂ ಮಾಡಿ: ಪೇಜ್, ತಾರೀಖು, ವಾರ, ಏನು ತೋರಿಸಿದ್ದಾರೆ, ಲೈಕ್, ಕಾಮೆಂಟ್. ತಾರೀಖನ್ನು `2025-06-05` ಎಂದೇ ಟೈಪ್ ಮಾಡಿ. 05/06 ಎಂದು ಹೊಡೆದರೆ ಶೀಟಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದಾಗ ಅದು ಮೇ 6 ಆಗಿಬಿಡುತ್ತದೆ, ವಾರಗಳೆಲ್ಲ ತಪ್ಪಿಹೋಗುತ್ತವೆ. ವಾರವನ್ನು ಶೀಟೇ ಬರೆದುಕೊಡುತ್ತದೆ:

```
=TEXT(B2,"dddd")
```

ಮೇಲುಗಡೆ ಪಿನ್ ಗುರುತಿರುವ ಪೋಸ್ಟ್‌ಗಳು ಹಳೆಯವಾಗಿರಬಹುದು. ಅವನ್ನು ಬಿಟ್ಟು ಎಣಿಸಿ. ಬಹುಮಾನದ ಪೋಸ್ಟ್‌ಗಳನ್ನೂ ಬಿಡಿ. 'ಮೂವರು ಗೆಳೆಯರನ್ನು ಟ್ಯಾಗ್ ಮಾಡಿ' ಎಂದ ಕಡೆ ಬಿದ್ದ ಕಾಮೆಂಟ್‌ಗೂ ಬೇಕರಿಗೂ ಸಂಬಂಧವಿಲ್ಲ.

ಈ ಕೆಲಸ ಮಾಡಿಕೊಡುತ್ತೇವೆ ಎನ್ನುವ ಆ್ಯಪ್‌ಗಳಿವೆ. ನಿಮ್ಮ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೇಳುವ ಯಾವುದನ್ನೂ ಹಾಕಿಕೊಳ್ಳಬೇಡಿ. ಪಾಸ್‌ವರ್ಡ್ ಕೊಟ್ಟಿರೆಂದರೆ ಅಕೌಂಟೇ ಕೈತಪ್ಪಬಹುದು. ಹಾಗೆ ಕಳೆದುಕೊಂಡವರಿದ್ದಾರೆ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕೈಯಲ್ಲಿ ಬರೆಯುವಾಗಲೇ ಕಾಮೆಂಟುಗಳು ಕಣ್ಣಿಗೆ ಬೀಳುವುದು, ಇಡೀ ಕೆಲಸದ ಲಾಭವಿರುವುದು ಅಲ್ಲೇ.

3. ನಡುವಿನ ಸಂಖ್ಯೆ

ಒಂದು ಪೇಜಿನ ಐದು ಪೋಸ್ಟ್‌ಗೆ 18, 22, 25, 31, 640 ಲೈಕ್ ಬಿದ್ದಿವೆ ಎಂದುಕೊಳ್ಳಿ. ಸರಾಸರಿ 147 ಬರುತ್ತದೆ. ಆದರೆ ಆ ಪೇಜಿನ ಯಾವ ಮಾಮೂಲಿ ಪೋಸ್ಟೂ 147ರ ಹತ್ತಿರ ಹೋಗಿಲ್ಲ. ಸಾಲಾಗಿ ಜೋಡಿಸಿದಾಗ ನಡುವೆ ನಿಲ್ಲುವ 25 ಅವರ ನಿಜವಾದ ಮಟ್ಟ. ಲೈಕ್ ಕಾಲಂ E ಆಗಿದ್ದು, ಆ ಪೇಜಿನ ಸಾಲುಗಳು 2ರಿಂದ 31ರವರೆಗೆ ಇದ್ದರೆ ಸೂತ್ರ ಇಷ್ಟೇ:

```
=MEDIAN(E2:E31)
```

ಪ್ರತಿ ಪೋಸ್ಟನ್ನೂ ಅದೇ ಪೇಜಿನ ನಡುವಿನ ಸಂಖ್ಯೆಯ ಜೊತೆಗೆ ಹೋಲಿಸಿ, ಬೇರೆ ಪೇಜಿನ ಜೊತೆಗಲ್ಲ. 25ರ ಪೇಜಿನಲ್ಲಿ 60 ಬಂದರೆ ಅದು ಸುದ್ದಿ. ಐದು ಶಾಖೆಯವರ 300 ಸುದ್ದಿಯಲ್ಲ.

ಆ 640 ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಮೇಲೆ ಇಬ್ಬರ ಹೆಸರಿದ್ದರೆ ಅದು ಫುಡ್ ವ್ಲಾಗರ್ ಜೊತೆ ಸೇರಿ ಹಾಕಿದ್ದು, ಲೈಕ್ ಅವರ ಹಿಂಬಾಲಕರದ್ದು. ವ್ಯೂ ಸಾವಿರಗಟ್ಟಲೆ ಇದ್ದು ಕಾಮೆಂಟ್ ಎರಡೇ ಇದ್ದರೆ ದುಡ್ಡು ಕೊಟ್ಟು ಹರಡಿದ್ದಿರಬಹುದು. `facebook.com/ads/library` ತೆರೆದು, ದೇಶ ಭಾರತವೆಂದೂ ಜಾಹೀರಾತಿನ ಬಗೆ 'All ads' ಎಂದೂ ಆರಿಸಿ, ಪೇಜಿನ ಹೆಸರು ಹುಡುಕಿದರೆ ಈಗ ಓಡುತ್ತಿರುವ ಜಾಹೀರಾತುಗಳು ಕಾಣುತ್ತವೆ. ನಿಂತುಹೋದ ಮಾಮೂಲಿ ಜಾಹೀರಾತುಗಳು ನಮ್ಮ ದೇಶದಲ್ಲಿ ಅಲ್ಲಿ ಉಳಿಯುವುದಿಲ್ಲ. ಆದ್ದರಿಂದ ಏನೂ ಕಾಣಲಿಲ್ಲವೆಂದು ದುಡ್ಡು ಹಾಕಿಯೇ ಇಲ್ಲ ಎಂದುಕೊಳ್ಳಬೇಡಿ.

4. ಯಾವ ಹೊತ್ತಿಗೆ ಹಾಕುತ್ತಾರೆ

ಇದಕ್ಕೆ ಜನ ಅಗತ್ಯಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಬೇಕರಿ ದಿನಾ ರಾತ್ರಿ ಹತ್ತಕ್ಕೆ ಹಾಕುತ್ತದೆ ಎಂದರೆ, ಅದು ಮಾಲೀಕರು ಬಾಗಿಲು ಹಾಕಿ ಫೋನು ಹಿಡಿಯುವ ಹೊತ್ತು ಇದ್ದೀತು. ಗಿರಾಕಿಗೆ ಹಸಿವಾಗುವ ಹೊತ್ತು ಅದಲ್ಲ. ಫೇಸ್‌ಬುಕ್ಕಿನಲ್ಲೂ ಅದೇ ಪೋಸ್ಟ್ ಇದ್ದರೆ, ಕಂಪ್ಯೂಟರಿನಲ್ಲಿ ತಾರೀಖಿನ ಮೇಲೆ ಮೌಸ್ ಇಟ್ಟಾಗ ಗಂಟೆ ನಿಮಿಷ ಕಾಣುತ್ತದೆ. ಬರೆದಿಟ್ಟುಕೊಳ್ಳಿ, ಆದರೆ ನಕಲು ಮಾಡಬೇಡಿ. ಖಾರ ಬನ್, ಪಫ್ ಒಲೆಯಿಂದ ಇಳಿಯುವುದು ನಾಲ್ಕಕ್ಕಾದರೆ ಅದರ ಪೋಸ್ಟ್ ಮೂರೂವರೆಗೆ ಬರಬೇಕು. ಯಾವ ಪೇಜ್ ಹಾಗೆ ಮಾಡುತ್ತಿದೆ, ಯಾವುದು ಮಾಡುತ್ತಿಲ್ಲ ಎಂಬುದಷ್ಟೇ ನಿಮಗೆ ಬೇಕಾದ ವಿಷಯ.

5. ಕಾಮೆಂಟ್ ಓದುವುದು: ಎಲ್ಲರೂ ಎಡವುವ ಜಾಗ

ಈಗ ಇನ್ನೊಂದು ಶೀಟ್ ತೆರೆಯಿರಿ. ಐದೂ ಪೇಜಿನ ಕಾಮೆಂಟುಗಳಲ್ಲಿ ಪ್ರಶ್ನೆಗಳನ್ನು ಮಾತ್ರ ಆರಿಸಿ, ಒಂದೊಂದು ಸಾಲಿಗೆ ಒಂದೊಂದು ಬರೆಯಿರಿ. 'ಸೂಪರ್', 'ಯಮ್ಮಿ', ಹೃದಯದ ಗುರುತು, ಬೇಕರಿಯವರ ನೆಂಟರ ಶುಭಾಶಯ ಯಾವುದೂ ಬೇಡ. ಪ್ರಶ್ನೆಯನ್ನು ಅವರು ಬರೆದ ಹಾಗೆಯೇ ಇಳಿಸಿಕೊಳ್ಳಿ: 'ಹಾಫ್ ಕೆಜಿ ಎಷ್ಟು?', 'ಎಗ್‌ಲೆಸ್ಸಾ?', 'ಇವತ್ತು ಸಂಜೆಗೆ ಸಿಗತ್ತಾ?', 'ರಾಮಕೃಷ್ಣನಗರಕ್ಕೆ ಡೆಲಿವರಿ ಇದ್ಯಾ?' ಮೊದಲೇ ಚೊಕ್ಕ ಮಾಡಿ 'ದರ ವಿಚಾರಣೆ' ಎಂದು ಬರೆದರೆ ಸಂಜೆಗೆ ಬೇಕು, ಅರ್ಧ ಕೆಜಿ ಸಾಕು ಎಂಬ ಸುಳಿವೆಲ್ಲ ಕಳೆದುಹೋಗುತ್ತದೆ.

ಪಕ್ಕದಲ್ಲಿ ಎರಡು ಕಾಲಂ ಇರಲಿ. ಒಂದು ಬಗೆ: ದರ, ಮೊಟ್ಟೆ, ಇವತ್ತೇ, ಡೆಲಿವರಿ, ಅಳತೆ. ಇನ್ನೊಂದು ಉತ್ತರ: ಎಲ್ಲರಿಗೂ ಕಾಣುವಂತೆ ಉತ್ತರ ಕೊಟ್ಟಿದ್ದರೆ 'ಹೌದು', 'ಡಿಎಂ ಮಾಡಿ' ಎಂದಿದ್ದರೆ 'ಡಿಎಂ', ಸುಮ್ಮನಿದ್ದರೆ 'ಇಲ್ಲ'. ಡಿಎಂ ಎನ್ನುವುದನ್ನು ಉತ್ತರವೆಂದು ಎಣಿಸಬೇಡಿ. ಕೇಳಿದವರಿಗೆ ಒಳಗೆ ಹೇಳಿರಬಹುದು, ಆದರೆ ಅದೇ ಸಂಶಯವಿದ್ದು ಕೇಳದೆ ಹೋದವರಿಗೆ ಏನೂ ಸಿಗಲಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಕುವೆಂಪುನಗರದ ಒಂದು ಚಿಕ್ಕ ಬೇಕರಿಯವರು ಐದು ಪೇಜ್ ನೋಡಿ ಬರೆದ ಪಟ್ಟಿಯಲ್ಲಿ ದರದ ಪ್ರಶ್ನೆ 40, ಅದರಲ್ಲಿ ಕಾಣುವಂತೆ ಉತ್ತರ ಸಿಕ್ಕಿದ್ದು 6. ಮೊಟ್ಟೆಯ ಪ್ರಶ್ನೆ 22, ಉತ್ತರ 17. 'ಇವತ್ತೇ ಸಿಗತ್ತಾ' 19, ಉತ್ತರ 2. ಮೇಲುನೋಟಕ್ಕೆ ದರವೇ ದೊಡ್ಡ ಕೊರತೆ. ಆದರೆ ಪೋಸ್ಟ್‌ಗಳ ಜೊತೆ ಇಟ್ಟು ನೋಡಿದರೆ, ದರ ಕೇಳಿದ್ದು ಬಹುಪಾಲು ಫಾಂಡೆಂಟ್ ಗೊಂಬೆಗಳಿರುವ ಎರಡಂತಸ್ತಿನ ಕೇಕ್‌ಗಳ ಕೆಳಗೆ. ತೂಕ, ವಿನ್ಯಾಸ ಗೊತ್ತಿಲ್ಲದೆ ಅದಕ್ಕೆ ಯಾರೂ ದರ ಹೇಳಲಾರರು, ಈ ಬೇಕರಿ ಅಂಥ ಕೇಕ್ ಮಾಡುವುದೂ ಇಲ್ಲ. ಮೊಟ್ಟೆಯ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತಿದೆ. ಉಳಿದದ್ದು 'ಇವತ್ತೇ'. ಆ 19ರಲ್ಲಿ 12 ಪ್ರಶ್ನೆ ಬಂದಿದ್ದು ಮನೆಯಲ್ಲಿ ಕೇಕ್ ಮಾಡುವವರ ಪೇಜಿಗೆ. ಅವರಿಗೆ ಎರಡು ದಿನ ಮೊದಲು ಹೇಳಬೇಕು. ಬೇಕರಿಯ ಗಾಜಿನ ಫ್ರಿಜ್ಜಿನಲ್ಲಿ ಅರ್ಧ ಕೆಜಿಯ ಬ್ಲ್ಯಾಕ್ ಫಾರೆಸ್ಟ್, ಪೈನಾಪಲ್, ಬಟರ್‌ಸ್ಕಾಚ್ ದಿನಾ ತಯಾರಾಗಿ ಕೂತಿರುತ್ತವೆ. ಅದನ್ನು ಒಂದು ಪೇಜೂ ತೋರಿಸುತ್ತಿಲ್ಲ. ಈ ಬೇಕರಿ ತುಂಬಬಹುದಾದ ಜಾಗ ಇದು. ಜನ ಕೇಳುತ್ತಿದ್ದಾರೆ, ಬೇರೆಯವರು ಹೇಳುತ್ತಿಲ್ಲ, ನಿಮ್ಮಲ್ಲಿ ಇದೆ. ಮೂರೂ ಕೂಡಿ ಬಂದರೆ ಮಾತ್ರ ಅದು ಕೊರತೆ.

ಯಾರೂ ಹಾಕುತ್ತಿಲ್ಲ ಎನ್ನುವುದೊಂದೇ ಕಾರಣಕ್ಕೆ ಮೋಸ ಹೋಗುವವರು ಬಹಳ. ರಸ್ಕ್ ಬಗ್ಗೆ ಯಾವ ಪೇಜಿನಲ್ಲೂ ಪೋಸ್ಟ್ ಇಲ್ಲ. ಯಾರೂ ಅದರ ಬಗ್ಗೆ ಕೇಳಿಯೂ ಇಲ್ಲ. ಕಾಫಿಗೆ ರಸ್ಕ್ ಬೇಕಾದವರು ಪೇಜ್ ನೋಡದೆ ಅಂಗಡಿಗೇ ಬರುತ್ತಾರೆ. ಅದು ಖಾಲಿ ಜಾಗವೇ ಹೊರತು ಕೊರತೆಯಲ್ಲ.

ಕಾಮೆಂಟುಗಳು ಕಡಿಮೆ ಇದ್ದರೆ ಅದೇ ಬೇಕರಿಗಳ ಗೂಗಲ್ ಮ್ಯಾಪ್ ರಿವ್ಯೂಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ ಓದಿ. ಎರಡು, ಮೂರು ಸ್ಟಾರ್ ಕೊಟ್ಟವರ ಮಾತು ಮುಖ್ಯ. ಒಂದು ಸ್ಟಾರ್‌ನವರು ಸಿಟ್ಟಿನಲ್ಲಿರುತ್ತಾರೆ, ಐದು ಸ್ಟಾರ್‌ನವರು ವಿವರ ಬರೆಯುವುದಿಲ್ಲ. 'ಕೇಕ್ ಚೆನ್ನಾಗಿತ್ತು, ಆದ್ರೆ ಹೆಸರು ಬರೆಯೋರು ಇರಲಿಲ್ಲ' ಎಂಬಂಥ ಸಾಲು ಸಿಕ್ಕಿದರೆ ನೇರ ಪಟ್ಟಿಗೆ ಸೇರಿಸಿ.

ಒಬ್ಬರೇ ನಾಲ್ಕು ಸಲ ಕೇಳಿದ್ದರೆ ಒಂದೆಂದೇ ಎಣಿಸಿ. ಒಂದೇ ಪೇಜಿನಲ್ಲಿ, ಒಂದೇ ವಾರದಲ್ಲಿ ಬಂದ ಪ್ರಶ್ನೆಗಳನ್ನು ನೆಚ್ಚಿಕೊಳ್ಳಬೇಡಿ. ಕೊನೆಯದಾಗಿ ನಿಮ್ಮ ಕೌಂಟರಿನಲ್ಲಿ ನಿಲ್ಲುವ ಹುಡುಗನನ್ನು ಕೇಳಿ. 'ಇವತ್ತೇ ಕೇಕ್ ಬೇಕು' ಎಂದು ಫೋನು ಬರುತ್ತದೆಯೋ ಇಲ್ಲವೋ, ಅವನಿಗೆ ಗೊತ್ತಿರುತ್ತದೆ.

6. ಹಾಕಿ ನೋಡುವುದು

ಮೇಲಿನ ಬೇಕರಿಗೆ ನಾನು ಹೇಳುವುದು ಹೀಗೆ. ದಿನಾ ಮೂರೂವರೆಗೆ ಫ್ರಿಜ್ಜಿನ ಒಂದು ಫೋಟೊ, ಎಡಿಟ್ ಬೇಡ. ಕೆಳಗೆ ನಾಲ್ಕು ಸಾಲು: ಇವತ್ತು ಯಾವ ಅರ್ಧ ಕೆಜಿ ಕೇಕ್ ಇವೆ, ದರ ಎಷ್ಟು, ಮೊಟ್ಟೆ ಹಾಕಿದ್ದೋ ಇಲ್ಲವೋ, ಹೆಸರು ಬರೆಸಲು ಎಷ್ಟು ಗಂಟೆಯೊಳಗೆ ಬರಬೇಕು. ದರ ಮುಚ್ಚಿಡಬೇಡಿ. ಮುಚ್ಚಿಟ್ಟರೆ ನಿಮ್ಮ ಪೋಸ್ಟಿನ ಕೆಳಗೂ ಅದೇ 'ಎಷ್ಟು?' ಸಾಲು ಬೆಳೆಯುತ್ತದೆ. ಮೊಟ್ಟೆಯದಕ್ಕೂ ಎಗ್‌ಲೆಸ್‌ಗೂ ಒಂದೇ ಪಾತ್ರೆ ಬಳಸುತ್ತಿದ್ದರೆ ಕೇಳಿದವರಿಗೆ ಅದನ್ನು ನಿಜವಾಗಿಯೇ ಹೇಳಿ. ನಮ್ಮೂರಲ್ಲಿ ಅದನ್ನು ಕೇಳಿ ತಿಳಿದೇ ಕೊಳ್ಳುವ ಮನೆಗಳು ಬಹಳ ಇವೆ. ಬೇರೆ ಪೇಜಿನ ಫೋಟೊ ಒಂದೂ ಎತ್ತಿಕೊಳ್ಳಬೇಡಿ.

ಇದನ್ನು ಲೈಕಿನಿಂದ ಅಳೆಯಬೇಡಿ. ಫ್ರಿಜ್ಜಿನ ಫೋಟೊಗೆ ಲೈಕ್ ಬೀಳುವುದಿಲ್ಲ. ವಾಟ್ಸ್ಆ್ಯಪ್ ಬಿಸಿನೆಸ್ಸಿನಲ್ಲಿ 'ಇವತ್ತೇ' ಎಂದು ಒಂದು ಲೇಬಲ್ ಮಾಡಿ, ಹಾಗೆ ಕೇಳಿದ ಪ್ರತಿ ಚಾಟಿಗೂ ಹಚ್ಚಿ. ಕೌಂಟರಿಗೆ ಬಂದವರನ್ನು 'ಪೇಜ್ ನೋಡಿ ಬಂದ್ರಾ?' ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ. ಇದರ ಜೊತೆಗೆ ದಿನದ ಕೊನೆಗೆ ಫ್ರಿಜ್ಜಿನಲ್ಲಿ ಉಳಿದ ಅರ್ಧ ಕೆಜಿ ಕೇಕ್ ಎಷ್ಟು ಎಂಬುದನ್ನೂ ಬರೆಯಿರಿ. ಮೂರು ವಾರ ನೋಡಿ. ಗೀಟು ಏರದೆ, ಉಳಿಯುವುದೂ ಇಳಿಯದೆ ಇದ್ದರೆ ಆ ಪೋಸ್ಟ್ ನಿಲ್ಲಿಸಿ, ಪಟ್ಟಿಯ ಎರಡನೇ ಪ್ರಶ್ನೆಗೆ ಹೋಗಿ.

ಪೈಪೋಟಿಯವರಿಗೆ ಬಂದ ಡಿಎಂ, ಅವರ ಮಾರಾಟ ಹೊರಗಿನಿಂದ ಕಾಣುವುದಿಲ್ಲ. ಅವರು ವರ್ಷವಿಡೀ ಒಂದೇ ಬಗೆಯ ರೀಲ್ ಹಾಕುತ್ತಿದ್ದಾರೆಂದ ಮಾತ್ರಕ್ಕೆ ಅದರಿಂದ ಕೇಕ್ ಹೋಗುತ್ತಿದೆ ಎಂದಲ್ಲ.

ಈ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯಿರಿ. ಹಬ್ಬಗಳಿಗೆ ಮಾತ್ರ ಬೇರೆ ಲೆಕ್ಕ. ಅಕ್ಟೋಬರಿನಲ್ಲೇ ಐದೂ ಪೇಜುಗಳಲ್ಲಿ ಕಳೆದ ವರ್ಷದ ನವೆಂಬರ್, ಡಿಸೆಂಬರಿಗೆ ಹಿಂದೆ ಸರಿಸಿ ಹೋಗಿ, ಪ್ಲಮ್ ಕೇಕಿನ ಮೊದಲ ಪೋಸ್ಟ್ ಯಾವ ತಾರೀಖಿಗೆ ಬಂತು, ಮೊದಲ 'ಆರ್ಡರ್ ಹೇಗೆ?' ಕಾಮೆಂಟ್ ಯಾವುದರ ಕೆಳಗೆ ಬಂತು ಎಂದು ನೋಡಿ. ಹಣ್ಣು ನೆನೆಹಾಕುವ ದಿನ, ಮುಂಗಡ ಆರ್ಡರ್ ತೆರೆಯುವ ದಿನ ಎರಡನ್ನೂ ಆ ತಾರೀಖಿಗಿಂತ ಮುಂಚೆ ಇಟ್ಟುಕೊಳ್ಳಿ.