ಜರ್ಮನ್‌ನಲ್ಲಿ ಜೆನಿಟಿವ್ ಎಲ್ಲಿ, ‘ಫೊನ್’ ಎಲ್ಲಿ: ನಾನು ತೀರ್ಮಾನಿಸುವ ಬಗೆ

ಜರ್ಮನ್‌ನಲ್ಲಿ ‘ಅಪ್ಪನ ಕಾರು’ ಅನ್ನಲು ಎರಡು ದಾರಿ. ‘ಡಾಸ್ ಔಟೋ ಮೈನೆಸ್ ಫಾಟರ್ಸ್’ ಅಂದರೆ ಜೆನಿಟಿವ್, ನಮ್ಮ ಷಷ್ಠಿ ವಿಭಕ್ತಿಯಂಥದ್ದು. ‘ಡಾಸ್ ಔಟೋ ಫೊನ್ ಮೈನೆಮ್ ಫಾಟರ್’ ಅಂದರೆ ಫೊನ್ ಜೊತೆ ಡೇಟಿವ್, ನಮ್ಮ ಚತುರ್ಥಿಯಂಥದ್ದು. (ಉದಾಹರಣೆಗಳನ್ನೆಲ್ಲ ಉಚ್ಚಾರಕ್ಕೆ ತಕ್ಕಂತೆ ಕನ್ನಡದಲ್ಲೇ ಬರೆದಿದ್ದೇನೆ.) ಮಾತಿನಲ್ಲಿ ಎರಡನೆಯದೇ ಸಹಜ, ಅದನ್ನು ಯಾರೂ ತಪ್ಪು ಅನ್ನುವುದಿಲ್ಲ. ‘ಮೈನೆಮ್ ಫಾಟರ್ ಜೈನ್ ಔಟೋ’ ಎಂಬ ಮೂರನೆಯದೂ ಕಿವಿಗೆ ಬೀಳುತ್ತದೆ, ‘ನನ್ನ ಅಪ್ಪನಿಗೆ ಅವನ ಕಾರು’ ಅಂದಹಾಗೆ. ಅದು ಆಡುಮಾತಿನದು. ಕೇಳಿ ಅರ್ಥ ಮಾಡಿಕೊಂಡರೆ ಸಾಕು, ಬರೆಯಬಾರದು.

ನಾನು ಪತ್ರ ಬರೆಯುವಾಗ ಮೊದಲು ಮಾತಿನ ಜರ್ಮನ್‌ನಲ್ಲೇ ಇಳಿಸಿ, ಆಮೇಲೆ ಒಂದೊಂದು ಫೊನ್ ಮೇಲೂ ಬೆರಳಿಟ್ಟು ನೋಡುತ್ತೇನೆ. ಮನೆ ನೋಡಿಕೊಳ್ಳುವ ಕಚೇರಿಗೆ ಕೆಟ್ಟ ನಲ್ಲಿಯ ಬಗ್ಗೆ ಒಂದು ದೂರು ಇದೆ ಎಂದುಕೊಳ್ಳಿ. ಕರಡು ಹೀಗಿರುತ್ತದೆ: ‘ವೇಗೆನ್ ಡೇಮ್ ಕಪುಟ್ಟೆನ್ ವಾಸರ್‌ಹಾನ್ ಇನ್ ಡೆರ್ ವೋನುಂಗ್ ಫೊನ್ ಮೈನೆಮ್ ಫಾಟರ್ ಹಾಬೆ ಇಷ್ ಡೆರ್ ಫೆರ್‌ವಾಲ್ಟುಂಗ್ ಫೊಮ್ ಹೌಸ್ ಗೆಶ್ರೀಬೆನ್.’ ನನ್ನ ತಂದೆಯ ಮನೆಯಲ್ಲಿ ಕೆಟ್ಟಿರುವ ನಲ್ಲಿಯ ವಿಚಾರವಾಗಿ ಮನೆಯ ಆಡಳಿತಕ್ಕೆ ಬರೆದಿದ್ದೇನೆ ಎಂದರ್ಥ. ಫೋನಿನಲ್ಲಿ ಇಷ್ಟು ಹೇಳಿದರೆ ಯಾವ ಕೊರತೆಯೂ ಇಲ್ಲ.

ಬರವಣಿಗೆಗೆ ಬರುವಾಗ ಮೂರು ಕಡೆ ತಿದ್ದುಪಡಿ. ‘ವೇಗೆನ್’ ಲಿಖಿತ ಜರ್ಮನ್‌ನಲ್ಲಿ ಜೆನಿಟಿವ್ ಬೇಡುತ್ತದೆ. ಡೇಟಿವ್ ಹಾಕಿದರೆ ನಿಘಂಟುಗಳು ಆಡುಮಾತು ಎಂದು ಗುರುತು ಹಾಕುತ್ತವೆ. ಹಾಗಾಗಿ ‘ವೇಗೆನ್ ಡೆಸ್ ಡೆಫೆಕ್ಟೆನ್ ವಾಸರ್‌ಹಾನ್ಸ್’. ‘ಫೊನ್ ಮೈನೆಮ್ ಫಾಟರ್’ ಹೋಗಿ ‘ಮೈನೆಸ್ ಫಾಟರ್ಸ್’ ಬರುತ್ತದೆ. ಮೂರನೆಯ ಕಡೆ ನಾನು ಜೆನಿಟಿವ್ ಹಾಕುವುದೇ ಇಲ್ಲ. ಎರಡು ಪದ ಬೆಸೆದು ‘ಹೌಸ್‌ಫೆರ್‌ವಾಲ್ಟುಂಗ್’ ಅನ್ನುತ್ತೇನೆ. ಸಮಾಸ ಸಿಗುವ ಕಡೆ ಜರ್ಮನ್ನರು ಅದನ್ನೇ ಹಿಡಿಯುತ್ತಾರೆ, ಜೆನಿಟಿವೋ ಫೊನ್ನೋ ಎಂಬ ಜಗಳವೇ ತಪ್ಪುತ್ತದೆ.

ಮುಂದಿನ ವಾಕ್ಯದಲ್ಲಿ ‘ಹಲವು ಸಲ ಫೋನ್ ಮಾಡಿದರೂ’ ಎಂಬುದು ‘ಟ್ರೊಟ್ಸ್ ಮೇರೆರೆನ್ ಆನ್‌ರೂಫೆನ್’ ಎಂದಿದ್ದರೆ ‘ಟ್ರೊಟ್ಸ್ ಮೇರೆರೆರ್ ಆನ್‌ರೂಫೆ’ ಆಗುತ್ತದೆ. ಆದರೆ ‘ಎರಡು ವಾರದೊಳಗೆ’ ಎಂಬ ‘ಇನರ್‌ಹಾಲ್ಬ್ ಫೊನ್ ಟ್ಸ್ವೈ ವೊಖೆನ್’ ಅನ್ನು ಮುಟ್ಟುವುದಿಲ್ಲ. ಇನರ್‌ಹಾಲ್ಬ್ ಕೂಡ ಜೆನಿಟಿವ್ ಕೇಳುವ ಪದವೇ, ಮತ್ತೆ ಇಲ್ಲೇಕೆ ಫೊನ್ ಉಳಿಯಿತು?

ಇದಕ್ಕೆ ಕಾರಣವಾಗುವ ನಿಯಮವೇ ಈ ಇಡೀ ವಿಷಯದ ಕೀಲು. ಜೆನಿಟಿವ್ ಕಣ್ಣಿಗೆ ಕಾಣಬೇಕು. ನಾಮಪದದ ಮುಂದೆ ವಿಭಕ್ತಿಗೆ ತಕ್ಕಂತೆ ಬದಲಾದ ಆರ್ಟಿಕಲ್ಲೋ ವಿಶೇಷಣವೋ ಇರಬೇಕು, ಆ ಗುಂಪಿನಲ್ಲಿ ಒಂದಾದರೂ ಪದ ‘ಸ್’ ಅಥವಾ ‘ರ್’ನಲ್ಲಿ ಮುಗಿಯಬೇಕು. ‘ಹಳೆಯ ಪುಸ್ತಕಗಳ ಮಾರಾಟ’ಕ್ಕೆ ‘ಡೆರ್ ಫೆರ್‌ಕೌಫ್ ಆಲ್ಟರ್ ಬ್ಯೂಷರ್’ ಸರಿ, ‘ಆಲ್ಟರ್’ನ ರ್ ಜೆನಿಟಿವ್ ತೋರಿಸುತ್ತಿದೆ. ಹಳೆಯ ಎಂಬುದನ್ನು ತೆಗೆದರೆ ತೋರಿಸುವವರು ಯಾರೂ ಇಲ್ಲ, ಆಗ ‘ಫೊನ್ ಬ್ಯೂಷರ್ನ್’ ಅನ್ನಲೇಬೇಕು. ಇಲ್ಲಿ ಫೊನ್ ಆಡುಮಾತಲ್ಲ, ಎಂಥ ಗಂಭೀರ ಬರಹದಲ್ಲೂ ಅದೇ ಸರಿ. ಸಂಖ್ಯೆಗಳಲ್ಲಿ ಎರಡು, ಮೂರಕ್ಕೆ ಮಾತ್ರ ‘ಟ್ಸ್ವೈಯರ್’, ‘ಡ್ರೈಯರ್’ ಎಂಬ ಜೆನಿಟಿವ್ ರೂಪ ಬಳಕೆಯಲ್ಲಿದೆ. ‘ಇನರ್‌ಹಾಲ್ಬ್ ಟ್ಸ್ವೈಯರ್ ವೊಖೆನ್’ ವ್ಯಾಕರಣಕ್ಕೆ ಸರಿಯೇ, ಆದರೆ ನಲ್ಲಿ ರಿಪೇರಿಯ ಪತ್ರಕ್ಕೆ ಪಂಚೆ ಮೇಲೆ ಕೋಟು ತೊಟ್ಟಂತೆ. ನಾಲ್ಕರಿಂದ ಮುಂದೆ ಆ ಆಯ್ಕೆಯೂ ಇಲ್ಲ: ನಾಲ್ಕು ಮಕ್ಕಳ ತಂದೆ ‘ಫಾಟರ್ ಫೊನ್ ಫೀರ್ ಕಿಂಡರ್ನ್’ ಮಾತ್ರ.

ಅಂಗಡಿ ಬಾಗಿಲಿನ ‘ವೇಗೆನ್ ಉಮ್‌ಬೌ ಗೆಶ್ಲೊಸೆನ್’ (ನವೀಕರಣಕ್ಕಾಗಿ ಮುಚ್ಚಿದೆ) ಫಲಕದಲ್ಲಿ ‘ಉಮ್‌ಬೌ’ ಎಂಬುದಕ್ಕೆ ಸ್ ಇಲ್ಲದಿರುವುದೂ ಇದೇ ಕಾರಣಕ್ಕೆ, ಮುಂದೆ ಆರ್ಟಿಕಲ್ ಇಲ್ಲ.

ಸ್ತ್ರೀಲಿಂಗ ಏಕವಚನದಲ್ಲಿ ಜೆನಿಟಿವ್‌ಗೂ ಡೇಟಿವ್‌ಗೂ ಆರ್ಟಿಕಲ್ ಒಂದೇ, ‘ಡೆರ್’. ಹೀಟರ್ ಕೆಟ್ಟಿದ್ದರೆ ಮಾತಿನಲ್ಲೂ ಪತ್ರದಲ್ಲೂ ‘ವೇಗೆನ್ ಡೆರ್ ಹೈಟ್ಸುಂಗ್’. ತಿದ್ದುವಾಗ ಪುಲ್ಲಿಂಗ, ನಪುಂಸಕಲಿಂಗ, ಬಹುವಚನ ಇಷ್ಟನ್ನೇ ಹುಡುಕಿದರೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಫೊನ್‌ಗೆ ಜಾಗವೇ ಇಲ್ಲದ ಕಡೆಗಳೂ ಇವೆ. ಜರ್ಮನ್ ನಾಗರಿಕ ಸಂಹಿತೆಯ 568ನೇ ಕಲಮಿನ ಮೊದಲ ವಾಕ್ಯ ನೋಡಿ: ‘ಡೀ ಕ್ಯುಂಡಿಗುಂಗ್ ಡೆಸ್ ಮೀಟ್‌ಫೆರ್‌ಹೆಲ್ಟ್‌ನಿಸೆಸ್ ಬೆಡಾರ್ಫ್ ಡೆರ್ ಶ್ರಿಫ್ಟ್‌ಲಿಷೆನ್ ಫೋರ್ಮ್.’ ಬಾಡಿಗೆ ಸಂಬಂಧ ಮುರಿಯುವ ನೋಟಿಸು ಬರಹದಲ್ಲಿರಬೇಕು ಎಂದು. ಇದರಲ್ಲಿ ಎರಡು ಜೆನಿಟಿವ್ ಇವೆ. ಮೊದಲನೆಯದನ್ನು ಮಾತಿನಲ್ಲಿ ಫೊನ್ ಹಾಕಿ ಹೇಳಬಹುದು. ಎರಡನೆಯದನ್ನು ಆಗದು, ಏಕೆಂದರೆ ಅದನ್ನು ಕೇಳುತ್ತಿರುವುದು ‘ಬೆಡ್ಯುರ್ಫೆನ್’ ಎಂಬ ಕ್ರಿಯಾಪದ. ಮಾತಿನಲ್ಲಿ ಜನ ಫೊನ್ ಹಾಕುವುದಿಲ್ಲ, ಆ ಕ್ರಿಯಾಪದವನ್ನೇ ಬಿಟ್ಟು ‘ಬ್ರೌಖೆನ್’ ಬಳಸುತ್ತಾರೆ. ‘ಐನೆಸ್ ಟಾಗೆಸ್’ (ಒಂದು ದಿನ), ‘ಮೈನೆಸ್ ಎರಾಖ್ಟೆನ್ಸ್’ (ನನ್ನ ಅಭಿಪ್ರಾಯದಲ್ಲಿ) ಮುಂತಾದವು ಹೆಪ್ಪುಗಟ್ಟಿದ ನುಡಿಗಟ್ಟುಗಳು, ಹಾಗೇ ಬಾಯಿಪಾಠ ಮಾಡಬೇಕು.

‘ಯಾರ’ ಎಂದು ಹಿಂದಿನ ನಾಮಪದಕ್ಕೆ ಜೋಡಿಸುವ ‘ಡೆಸೆನ್’, ‘ಡೇರೆನ್’ ಕೂಡ ಬರಹದಲ್ಲಿ ತಪ್ಪಿಸಲಾಗದ ಜೆನಿಟಿವ್. ಆಯ್ಕೆ ಮಾಡುವುದು ಒಡೆಯನ ಲಿಂಗ ನೋಡಿ, ವಸ್ತುವಿನದಲ್ಲ. ಸಹೋದ್ಯೋಗಿ ಗಂಡಾದರೆ ‘ಡೆಸೆನ್’, ಹೆಣ್ಣಾದರೆ ‘ಡೇರೆನ್’. ಇವಕ್ಕೆ ಮತ್ತೆ ಪ್ರತ್ಯಯ ಹತ್ತುವುದಿಲ್ಲ. ವಿಭಕ್ತಿಯನ್ನು ಮುಂದಿನ ವಿಶೇಷಣ ಹೊರುತ್ತದೆ: ‘ಮಿಟ್ ಡೆಸೆನ್ ನೊಯೆಮ್ ಔಟೋ’. ‘ಡೇರೆಮ್’ ಎಂದು ಬರೆದದ್ದು ಕಂಡರೆ ಅಲ್ಲಿ ಎಡವಿದ್ದಾರೆ ಎಂದೇ ಅರ್ಥ.

ಕನ್ನಡಿಗರಿಗೆ ಹತ್ತಿರದ ಒಂದು ಗುಂಡಿ ಪದಕ್ರಮದ್ದು. ನಮ್ಮಲ್ಲಿ ಒಡೆಯ ಮೊದಲು ಬರುವುದರಿಂದ ‘ಮೈನೆಸ್ ಫಾಟರ್ಸ್ ಔಟೋ’ ಎಂದು ಕೈ ತಾನಾಗಿ ಬರೆಯುತ್ತದೆ. ಅದು ಹಳೇ ಕಾವ್ಯದ ಧಾಟಿ. ಇಂದಿನ ಗದ್ಯದಲ್ಲಿ ಮುಂದೆ ನಿಲ್ಲುವುದು ಹೆಸರುಗಳು, ಹೆಸರಿನಂತೆ ಬಳಸುವ ಬಂಧುವಾಚಕಗಳು: ‘ಆನಾಸ್ ಬೂಖ್’, ‘ಓಮಾಸ್ ಹೌಸ್’. ಹೆಸರೇ ಸ್‌ನಲ್ಲಿ ಮುಗಿದರೆ, ಹಾನ್ಸ್ ಎಂಬಂತೆ, ಬರಹದಲ್ಲಿ ಕೊನೆಗೊಂದು ಅಪಾಸ್ಟ್ರಫಿ ಬೀಳುತ್ತದೆ. ಅದು ಕಿವಿಗೆ ಕೇಳದು, ಅದಕ್ಕೇ ಮಾತಿನಲ್ಲಿ ‘ಡಾಸ್ ಬೂಖ್ ಫೊನ್ ಹಾನ್ಸ್’ ಎಂಬುದೇ ವಾಸಿ. ನನ್ನೊಬ್ಬ ಗೆಳೆಯ ಎನ್ನಲು ‘ಐನ್ ಫ್ರೊಯಂಟ್ ಫೊನ್ ಮೀರ್’. ಸರ್ವನಾಮಕ್ಕೆ ಇಲ್ಲಿ ಜೆನಿಟಿವ್ ಹೊಂದುವುದಿಲ್ಲ.

ಜೆನಿಟಿವ್ ಎಂದರೆ ಘನತೆ ಎಂದು ಕಲಿತವರು ಇನ್ನೊಂದು ದಿಕ್ಕಿಗೆ ಜಾರುತ್ತಾರೆ. ‘ಗೆಮೇಸ್’ (ಪ್ರಕಾರ), ‘ಎಂಟ್‌ಗೇಗೆನ್’ (ವಿರುದ್ಧವಾಗಿ), ‘ಗೇಗೆನ್‌ಯೂಬರ್’ (ಎದುರಿಗೆ) ಇವು ಕಚೇರಿ ಪತ್ರಗಳ ಪದಗಳಾದರೂ ಡೇಟಿವ್ ಪಡೆಯುತ್ತವೆ. ಬಾಡಿಗೆ ಕರಾರಿನ ಪ್ರಕಾರ ಎನ್ನಲು ‘ಗೆಮೇಸ್ ಡೇಮ್ ಮೀಟ್‌ಫೆರ್‌ಟ್ರಾಕ್’. ಅಲ್ಲಿ ‘ಡೆಸ್’ ಬರೆಯುವ ಜರ್ಮನ್ನರೂ ಇದ್ದಾರೆ. ಹಾಗೆಂದು ಅದು ಸರಿಯಾಗುವುದಿಲ್ಲ.