4 ಲೀಟರ್ ಅಂದರೆ ಶೇಕಡಾ ಎಷ್ಟು? ವಾರ್ಡಿನಲ್ಲಿ ನಾನು ಲೆಕ್ಕ ಹಾಕುವ ರೀತಿ

ನಾನು ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಹೊಸದಾಗಿ ಬಂದ ಹುಡುಗಿಯರು ನನ್ನ ಹತ್ತಿರ ಜಾಸ್ತಿ ಕೇಳುವ ಪ್ರಶ್ನೆ ಒಂದೇ: "ಅಕ್ಕ, ಪ್ರಾಂಗ್ಸ್‌ನಲ್ಲಿ 4 ಲೀಟರ್ ಹೋಗ್ತಾ ಇದೆ, ಆಕ್ಸಿಜನ್ ಶೇಕಡಾ ಎಷ್ಟು ಅಂತ ಬರೀಲಿ?" ಪ್ರಾಂಗ್ಸ್ ಅಂದರೆ ಮೂಗಿನ ಹೊಳ್ಳೆಗಳಿಗೆ ಇಡುವ ಆಕ್ಸಿಜನ್ ನಳಿಗೆ. ರೋಗಿ ಎಳೆದುಕೊಳ್ಳುವ ಗಾಳಿಯಲ್ಲಿ ಆಕ್ಸಿಜನ್ ಎಷ್ಟು ಭಾಗ ಅನ್ನುವುದೇ ಆ ಶೇಕಡಾ. ಎಲ್ಲರಿಗೂ ಒಂದು ಸೂತ್ರ ಬಾಯಿಪಾಠ ಇರುತ್ತದೆ. 20ಕ್ಕೆ ಲೀಟರಿನ ನಾಲ್ಕರಷ್ಟು ಕೂಡಿಸು. 2 ಲೀಟರಿಗೆ 28, 4 ಲೀಟರಿಗೆ 36, 6 ಲೀಟರಿಗೆ 44. ಸೂತ್ರ ತಪ್ಪಲ್ಲ. ಆದರೆ ಅದು ಆರಾಮಾಗಿ ಉಸಿರಾಡುತ್ತಾ ಮಲಗಿರುವ ಮನುಷ್ಯನಿಗೆ ಮಾಡಿದ ಲೆಕ್ಕ. ಅಂಥವರಿಗೆ ಆಕ್ಸಿಜನ್ ಬೇಕಾಗುವುದೇ ಕಡಿಮೆ, ಅಲ್ವಾ?

ಈ ಸೂತ್ರ ಎಲ್ಲಿಂದ ಬಂತು ಅಂತ ತಿಳಿದರೆ ಅದು ಎಲ್ಲಿ ಕೈಕೊಡುತ್ತದೆ ಅನ್ನುವುದೂ ತಿಳಿಯುತ್ತದೆ. ನಾನು ಹೊಸಬರಿಗೆ ಹಾಳೆ ಮೇಲೆ ಬರೆದು ತೋರಿಸುವುದು 6 ಲೀಟರಿನ ಲೆಕ್ಕ. ನಿಮಿಷಕ್ಕೆ 6 ಲೀಟರ್ ಅಂದರೆ ಸೆಕೆಂಡಿಗೆ 100 ಮಿಲಿ. ಆರಾಮಾಗಿರುವವರು ಒಂದು ಉಸಿರಿಗೆ ಸುಮಾರು 500 ಮಿಲಿ ಎಳೆದುಕೊಳ್ಳುತ್ತಾರೆ, ಎಳೆಯಲು ಸುಮಾರು 1 ಸೆಕೆಂಡ್ ಬೇಕು. ಆ 1 ಸೆಕೆಂಡಿನಲ್ಲಿ ಪ್ರಾಂಗ್ಸ್‌ನಿಂದ 100 ಮಿಲಿ ಶುದ್ಧ ಆಕ್ಸಿಜನ್ ಒಳಗೆ ಹೋಗುತ್ತದೆ. ಜೊತೆಗೆ, ಉಸಿರು ಬಿಟ್ಟು ಮತ್ತೆ ಎಳೆಯುವ ನಡುವಿನ ಬಿಡುವಿನಲ್ಲಿ ಮೂಗಿನ ಒಳಭಾಗದಲ್ಲಿ ಸುಮಾರು 50 ಮಿಲಿ ಆಕ್ಸಿಜನ್ ತುಂಬಿಕೊಂಡು ಕಾಯುತ್ತಿರುತ್ತದೆ. ಅಲ್ಲಿಗೆ 150 ಮಿಲಿ ಆಯಿತು. ಉಳಿದ 350 ಮಿಲಿ ಬರೀ ಕೋಣೆಯ ಗಾಳಿ. ಅದರಲ್ಲಿ ಐದನೇ ಒಂದು ಭಾಗ ಆಕ್ಸಿಜನ್ ಅಂತ ಇಟ್ಟುಕೊಂಡರೆ 70 ಮಿಲಿ. ಒಟ್ಟು 220. 500ರಲ್ಲಿ 220 ಅಂದರೆ ಶೇಕಡಾ 44. ಸೂತ್ರ ಹೇಳಿದ್ದೂ ಅಷ್ಟೇ.

ಈಗ ಅದೇ 6 ಲೀಟರ್, ಏದುಸಿರು ಬಿಡುವವರಿಗೆ. ನಮ್ಮಲ್ಲಿ ನ್ಯುಮೋನಿಯಾ ಆಗಿ ಬಂದಿದ್ದ ಒಬ್ಬ ಯಜಮಾನರ ವಿಷಯ ಹೇಳುತ್ತೇನೆ. ನಿಮಿಷಕ್ಕೆ 34 ಉಸಿರು, ಕತ್ತಿನ ಸ್ನಾಯು ಎದ್ದು ಕಾಣುತ್ತಿತ್ತು, ಒಂದು ವಾಕ್ಯ ಪೂರ್ತಿ ಮಾಡಲು ಆಗುತ್ತಿರಲಿಲ್ಲ. ಪ್ರಾಂಗ್ಸ್‌ನಲ್ಲಿ 6 ಲೀಟರ್, ಸ್ಯಾಚುರೇಷನ್ 86. ಅವರ ಮಗ ಫ್ಲೋಮೀಟರ್ ತೋರಿಸಿ, "ಸಿಸ್ಟರ್, ಗುಂಡು 6ರಲ್ಲೇ ನಿಂತಿದೆ, ಇನ್ನೂ ಮೇಲೆ ಹತ್ತಿಸಿ" ಅಂದರು.

ಇಂಥ ಉಸಿರಾಟದಲ್ಲಿ ಒಂದು ಸಲಕ್ಕೆ 750 ಮಿಲಿ, ಅದೂ ಮುಕ್ಕಾಲು ಸೆಕೆಂಡಿನಲ್ಲಿ ಎಳೆಯುತ್ತಾರೆ ಅಂತ ಇಟ್ಟುಕೊಳ್ಳಿ. ಮುಕ್ಕಾಲು ಸೆಕೆಂಡಿನಲ್ಲಿ ಪ್ರಾಂಗ್ಸ್ ಕೊಡುವುದು 75 ಮಿಲಿ. ಮೂಗಿನಲ್ಲಿ ಕಾಯುತ್ತಿದ್ದ 50 ಸೇರಿಸಿದರೆ 125. ಉಳಿದ 625 ಕೋಣೆಯ ಗಾಳಿ, ಅದರಲ್ಲಿ ಆಕ್ಸಿಜನ್ 125. ಒಟ್ಟು 250. 750ರಲ್ಲಿ 250 ಅಂದರೆ ಶೇಕಡಾ 33. ಮೀಟರಿನ ಗುಂಡು ಕದಲಿಲ್ಲ, ಶೇಕಡಾ ಮಾತ್ರ 44ರಿಂದ 33ಕ್ಕೆ ಇಳಿಯಿತು. ಅಷ್ಟು ವೇಗದ ಉಸಿರಿನಲ್ಲಿ ಬಿಡುವೇ ಇರುವುದಿಲ್ಲ, ಹಾಗಾಗಿ ಆ 50 ಮಿಲಿಯೂ ಪೂರ್ತಿ ತುಂಬುವುದಿಲ್ಲ. ಅರ್ಧ ತುಂಬಿತು ಅಂದರೆ ಸುಮಾರು 31. ರೋಗಿ ಕಷ್ಟಪಟ್ಟು ಎಳೆದಷ್ಟೂ ಕೋಣೆಯ ಗಾಳಿ ಜಾಸ್ತಿ ಬೆರೆಯುತ್ತದೆ. ಹೆಚ್ಚು ಬೇಕಾದವರಿಗೇ ಕಡಿಮೆ ಸಿಗುವ ವ್ಯವಸ್ಥೆ ಇದು.

ಪ್ರಾಂಗ್ಸ್‌ನಲ್ಲಿ ಮಗ ಹೇಳಿದಂತೆ ಇನ್ನೂ ಹತ್ತಿಸಬಹುದಿತ್ತಾ? ಸಾಮಾನ್ಯ ಪ್ರಾಂಗ್ಸ್‌ಗೆ 6 ಲೀಟರ್ ದಾಟಿದರೆ ಹೆಚ್ಚಿನ ಲಾಭ ಇಲ್ಲ. ಮೂಗು ಒಣಗಿ ಉರಿಯುತ್ತದೆ, ರಕ್ತವೂ ಬರಬಹುದು. ನಿಮಿಷಕ್ಕೆ 30, 40, 60 ಲೀಟರ್ ಕೊಡುವ ಹೈ ಫ್ಲೋ ಯಂತ್ರವೇ ಬೇರೆ. ಅದು ಗಾಳಿಯನ್ನು ಬಿಸಿ ಮಾಡಿ ತೇವ ಕೊಟ್ಟು ಕಳಿಸುತ್ತದೆ, ಅದರ ನಳಿಗೆಯೂ ದಪ್ಪ.

ಅವತ್ತು ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. "ಸರ್, 6 ಲೀಟರಿನಲ್ಲಿ 86, ಉಸಿರು 34, ನಾನ್ ರಿಬ್ರೀದರ್ ಹಾಕ್ತಾ ಇದ್ದೀನಿ, ಬಂದು ನೋಡಿ" ಅಂದೆ. ಕೆಳಗೆ ಚೀಲ ಇರುವ ಮಾಸ್ಕ್ ಅದು. ಚೀಲದ ತುಂಬ ಆಕ್ಸಿಜನ್ ಸಿದ್ಧವಾಗಿರುತ್ತದೆ. ಹಾಗಾಗಿ ರೋಗಿ ಜೋರಾಗಿ ಎಳೆದಾಗ ಕೋಣೆಯ ಗಾಳಿಯ ಬದಲು ಚೀಲದಿಂದ ಬರುತ್ತದೆ. ಆದರೆ ಖಾಲಿ ಚೀಲದ ಮಾಸ್ಕ್ ಅನ್ನು ಮುಖಕ್ಕೆ ಹಾಕಿದರೆ ರೋಗಿ ಗಾಬರಿಯಾಗಿ ಕಿತ್ತು ಹಾಕುತ್ತಾರೆ. ಮೊದಲು 15 ಲೀಟರಿಗೆ ಇಟ್ಟು, ಮಾಸ್ಕ್ ಒಳಗಿನ ವಾಲ್ವ್ ಮೇಲೆ ಬೆರಳು ಒತ್ತಿ ಹಿಡಿಯುತ್ತೇನೆ. ಚೀಲ ಉಬ್ಬಿ ಗಟ್ಟಿಯಾದ ಮೇಲೆ ಹಾಕುತ್ತೇನೆ. ಹಾಕಿದ ಮೇಲೂ ಕಣ್ಣು ಚೀಲದ ಮೇಲೇ ಇರಬೇಕು. ಉಸಿರು ಎಳೆದಾಗ ಸ್ವಲ್ಪ ಕುಗ್ಗಿ ಮತ್ತೆ ತುಂಬಿಕೊಂಡರೆ ಸರಿ. ಪೂರ್ತಿ ಚಪ್ಪಟೆಯಾದರೆ ಫ್ಲೋ ಸಾಲುತ್ತಿಲ್ಲ, ಅಥವಾ ಪೈಪ್ ಎಲ್ಲೋ ಮಡಚಿದೆ. ಚೂರೂ ಅಲುಗಾಡದಿದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿಲ್ಲ, ಅಂಚಿನಿಂದ ಕೋಣೆಯ ಗಾಳಿ ನುಗ್ಗುತ್ತಿದೆ ಅಂತ ನನ್ನ ಮೊದಲ ಅನುಮಾನ. ಗಡ್ಡ ಇದ್ದವರಲ್ಲಿ, ಹಲ್ಲಿನ ಸೆಟ್ ತೆಗೆದವರಲ್ಲಿ ಇದು ಜಾಸ್ತಿ. ಚೆನ್ನಾಗಿ ಕೂತರೆ ಶೇಕಡಾ 60ರಿಂದ 80, ಕೆಲವೊಮ್ಮೆ ಅದಕ್ಕೂ ಮೇಲೆ ಸಿಗುತ್ತದೆ. ನೂರಕ್ಕೆ ನೂರು ಅಂತ ಬರೆಯುವುದು ಸುಮ್ನೆ.

ಯಜಮಾನರ ಸ್ಯಾಚುರೇಷನ್ 95ಕ್ಕೆ ಬಂತು. ಆಂಟಿಬಯಾಟಿಕ್ ಕೆಲಸ ಮಾಡಿ, ಜ್ವರ ಇಳಿದು, ಉಸಿರು 22ಕ್ಕೆ ಬಂದ ಮೇಲೆ ಅದೇ ಪ್ರಾಂಗ್ಸ್, ಈ ಸಲ 4 ಲೀಟರ್. ಸ್ಯಾಚುರೇಷನ್ 94. ಮಗನಿಗೆ ಆಶ್ಚರ್ಯ, 6ರಲ್ಲಿ ಆಗದ್ದು 4ರಲ್ಲಿ ಹೇಗೆ ಆಯಿತು ಅಂತ. ಶ್ವಾಸಕೋಶ ಸುಧಾರಿಸಿದ್ದು ಒಂದು ಕಾರಣ. ಉಸಿರಿನ ವೇಗ ತಗ್ಗಿ, ಬೆರೆಯುವ ಕೋಣೆಯ ಗಾಳಿ ಕಡಿಮೆಯಾಗಿದ್ದು ಇನ್ನೊಂದು. ಪ್ರಾಂಗ್ಸ್‌ಗೆ ಬೇಗ ಬಂದರೆ ಊಟ, ಮಾತು, ಕೆಮ್ಮಿ ಕಫ ಉಗುಳುವುದು ಎಲ್ಲಾ ಸುಲಭ. ಮಾಸ್ಕ್ ಹಾಕಿಸಿಕೊಂಡವರು ಊಟಕ್ಕೆ ಅಂತ ತೆಗೆದರೆ ಸ್ಯಾಚುರೇಷನ್ ಸರ್ರನೆ ಇಳಿಯುತ್ತದೆ. ಆಗ ಊಟ ಮುಗಿಯುವ ತನಕ ಪ್ರಾಂಗ್ಸ್ ಕೊಟ್ಟು ಪಕ್ಕದಲ್ಲೇ ನಿಲ್ಲುತ್ತೇನೆ.

ಇಳಿಸುವಾಗ ಆಗುವ ಒಂದು ಯಡವಟ್ಟು ಇದೆ. ಚೀಲ ಇಲ್ಲದ ಸಾದಾ ಮಾಸ್ಕ್ ಇರುತ್ತದೆ, ರೋಗಿ ಸುಧಾರಿಸುತ್ತಾರೆ, ಯಾರೋ ಫ್ಲೋ 2 ಅಥವಾ 3 ಲೀಟರಿಗೆ ಇಳಿಸಿ ಹೋಗುತ್ತಾರೆ, ಮಾಸ್ಕ್ ಹಾಗೇ ಉಳಿಯುತ್ತದೆ. ಸಾದಾ ಮಾಸ್ಕ್‌ಗೆ ಕನಿಷ್ಠ 5 ಲೀಟರ್ ಬೇಕು. ಬಿಟ್ಟ ಉಸಿರು ಮಾಸ್ಕ್ ಒಳಗೇ ನಿಲ್ಲುತ್ತದೆ, ಅದನ್ನು ತೊಳೆದು ಹೊರಹಾಕುವುದು ಆ ಫ್ಲೋ. ಕಡಿಮೆ ಮಾಡಿದರೆ ಬಿಟ್ಟ ಕಾರ್ಬನ್ ಡೈಆಕ್ಸೈಡನ್ನೇ ಮತ್ತೆ ಎಳೆದುಕೊಳ್ಳುತ್ತಾರೆ. ಸ್ಯಾಚುರೇಷನ್ ಅಷ್ಟೇನೂ ಇಳಿಯದೆ ಇರಬಹುದು, ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. ರೋಗಿ ಸೆಕೆ ಅಂತಾರೆ, ಮಾಸ್ಕ್ ಎತ್ತಿ ಎತ್ತಿ ಹಿಡಿಯುತ್ತಾರೆ. 5ಕ್ಕಿಂತ ಕಡಿಮೆ ಸಾಕು ಅನ್ನಿಸಿದರೆ ಮಾಸ್ಕ್ ತೆಗೆದು ಪ್ರಾಂಗ್ಸ್ ಹಾಕಬೇಕು.

ಸಿಒಪಿಡಿ ಅನ್ನುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇದ್ದು ಕಾರ್ಬನ್ ಡೈಆಕ್ಸೈಡ್ ಏರುವ ಅಪಾಯ ಇರುವವರಲ್ಲಿ ಮಾತ್ರ ನನಗೆ ಈ ಅಂದಾಜು ಸಾಕಾಗುವುದಿಲ್ಲ. ಅವರಿಗೆ ಸ್ಯಾಚುರೇಷನ್ ಗುರಿ 88ರಿಂದ 92. ಜಾಸ್ತಿ ಕೊಟ್ಟರೂ ಕಷ್ಟ, ಕಡಿಮೆ ಕೊಟ್ಟರೂ ಕಷ್ಟ. ಅಲ್ಲಿ ವೆಂಚುರಿ ಮಾಸ್ಕ್ ಬೇಕು. ಅದರ ಬುಡದಲ್ಲಿ ಬಣ್ಣದ ಒಂದು ತುಂಡು, ಪಕ್ಕದಲ್ಲಿ ಕಿಂಡಿಗಳು. ಆಕ್ಸಿಜನ್ ಸಣ್ಣ ತೂತಿನಿಂದ ಜೋರಾಗಿ ನುಗ್ಗುವಾಗ ಕಿಂಡಿಯಿಂದ ಲೆಕ್ಕದ ಪ್ರಮಾಣದಲ್ಲಿ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ಶೇಕಡಾ 28ರ ತುಂಡಿನಲ್ಲಿ 4 ಲೀಟರ್ ಆಕ್ಸಿಜನ್ ಸುಮಾರು 41 ಲೀಟರ್ ಗಾಳಿ ಸೇರಿಸಿಕೊಂಡು ಒಟ್ಟು 45 ಲೀಟರ್ ಆಗಿ ಮುಖಕ್ಕೆ ಬರುತ್ತದೆ. ಸಾಧಾರಣ ಉಸಿರಾಟಕ್ಕೆ ಅಷ್ಟು ಧಾರಾಳ. ಹೊರಗಿನ ಗಾಳಿ ಬೆರೆಯಲು ಜಾಗ ಇಲ್ಲ, 28 ಅಂದರೆ 28ರ ಆಸುಪಾಸೇ.

ಇಲ್ಲಿ ಫ್ಲೋ ಹೆಚ್ಚಿಸಿದರೆ ಶೇಕಡಾ ಏರುವುದಿಲ್ಲ. 4ರಿಂದ 6ಕ್ಕೆ ಹೋದರೆ ಗಾಳಿಯೂ ಅದೇ ಅನುಪಾತದಲ್ಲಿ ಹೆಚ್ಚಿ ಒಟ್ಟು 68 ಲೀಟರಿನ ಹತ್ತಿರ ಆಗುತ್ತದೆ, ಶೇಕಡಾ 28ಕ್ಕೇ ಇರುತ್ತದೆ. ಹಾಗಂತ ಅದು ದಂಡ ಅಲ್ಲ. ಉಸಿರು 30 ದಾಟಿದ ಸಿಒಪಿಡಿ ರೋಗಿಗೆ 45 ಲೀಟರ್ ಸಾಲದು, ಆಗ ಫ್ಲೋವನ್ನು ಒಂದೂವರೆಪಟ್ಟು ಮಾಡುವುದು ಇದಕ್ಕೇ. ಶೇಕಡಾ ಬದಲಾಗಬೇಕು ಅಂದರೆ ತುಂಡನ್ನೇ ಬದಲಿಸಬೇಕು. ಎಷ್ಟು ಲೀಟರ್ ಇಡಬೇಕು ಅಂತ ತುಂಡಿನ ಮೇಲೇ ಬರೆದಿರುತ್ತದೆ. ಬಣ್ಣ ನಂಬುವುದಕ್ಕಿಂತ ಅದನ್ನು ಓದುವುದು ಒಳ್ಳೆಯದು. ದೊಡ್ಡ ಶೇಕಡಾದ ತುಂಡಿಗೆ ಈ ಗುಣ ಕಡಿಮೆ. 40ರ ತುಂಡು 10 ಲೀಟರಿನಲ್ಲಿ ಕೊಡುವುದು ಒಟ್ಟು 42 ಲೀಟರ್ ಮಾತ್ರ. ನಮ್ಮ ನ್ಯುಮೋನಿಯಾ ಯಜಮಾನರ ಲೆಕ್ಕದಲ್ಲಿ 750 ಮಿಲಿ ಮುಕ್ಕಾಲು ಸೆಕೆಂಡಿಗೆ ಅಂದರೆ ನಿಮಿಷಕ್ಕೆ 60 ಲೀಟರಿನ ವೇಗ. ಅವರಿಗೆ ಅದೂ ಸಾಲುತ್ತಿರಲಿಲ್ಲ.

ಇನ್ನೊಂದು, ಕಿಂಡಿಗಳ ಮೇಲೆ ಹೊದಿಕೆ ಬಿದ್ದರೆ ಎಲ್ಲಾ ತಲೆಕೆಳಗು. ಗಾಳಿ ಸೇರುವುದಿಲ್ಲ, ಶೇಕಡಾ ಏರುತ್ತದೆ, ಒಟ್ಟು ಫ್ಲೋ ಬೀಳುತ್ತದೆ. ಚಳಿ ಅಂತ ಮನೆಯವರು ಕುತ್ತಿಗೆ ತನಕ ಹೊದಿಸಿರುತ್ತಾರೆ, ಪಾಪ ಅವರಿಗೇನು ಗೊತ್ತು. ರೌಂಡ್ಸ್‌ನಲ್ಲಿ ಮಾಸ್ಕ್ ಮುಟ್ಟುವ ಮೊದಲು ನಾನು ಹೊದಿಕೆ ಕೆಳಗೆ ಎಳೆಯುತ್ತೇನೆ.

ಅಪಧಮನಿಯ ರಕ್ತದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಅಳೆಯುವ ಎಬಿಜಿ ಪರೀಕ್ಷೆಗೆ ರಕ್ತ ಕಳಿಸುವಾಗ ಈ ವಿಷಯ ಇನ್ನೂ ಮುಖ್ಯ. ರಿಪೋರ್ಟಿನಲ್ಲಿ ಆಕ್ಸಿಜನ್ ಒತ್ತಡ 60 ಬಂತು ಅಂತಿಟ್ಟುಕೊಳ್ಳಿ. ಶೇಕಡಾ 44 ಅಂತ ಬರೆದರೆ ಪಿ ಬೈ ಎಫ್ ಅನುಪಾತ, ಅಂದರೆ ಆ 60ನ್ನು 0.44ರಿಂದ ಭಾಗಿಸಿದ್ದು, ಸುಮಾರು 136. ನಿಜವಾಗಿ ಹೋಗುತ್ತಿದ್ದದ್ದು 33 ಆಗಿದ್ದರೆ 182. ಎರಡರ ಮೇಲೆ ಡಾಕ್ಟರು ಕಾಯಿಲೆಯ ತೀವ್ರತೆಯನ್ನು ಬೇರೆ ಬೇರೆ ರೀತಿ ಅಳೆಯುತ್ತಾರೆ. ಹಾಗಾಗಿ ಪ್ರಾಂಗ್ಸ್‌ನಲ್ಲಿ ಇರುವವರ ಚಾರ್ಟಿನಲ್ಲಿ ಶೇಕಡಾ ಒಂದನ್ನೇ ಬರೆಯುವುದನ್ನು ನಾನು ಬಿಟ್ಟಿದ್ದೇನೆ. ಯಾವ ಸಾಧನ, ಎಷ್ಟು ಲೀಟರ್, ಉಸಿರು ಎಷ್ಟು, ಸ್ಯಾಚುರೇಷನ್ ಎಷ್ಟು, ನಾಲ್ಕೂ ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಶೇಕಡಾ ಕೇಳಿದರೆ ಪಕ್ಕದಲ್ಲಿ "ಅಂದಾಜು" ಅಂತ ಸೇರಿಸುತ್ತೇನೆ. ವೆಂಚುರಿ ಆದರೆ ಮಾತ್ರ ತುಂಡಿನ ಮೇಲಿರುವ ಸಂಖ್ಯೆಯನ್ನೇ ಬರೆಯುತ್ತೇನೆ, ಅದೂ ಹೊದಿಕೆ ಸರಿಸಿ ಕಿಂಡಿ ನೋಡಿದ ಮೇಲೆ.