ಐನೂರು ನಮೂನೆಗೆ ಒಂದೇ ಅಚ್ಚು: ಅಂಗಡಿಯ ಕಿರು ಜಾಹೀರಾತು ಬರೆಯುವುದು ಹೇಗೆ?

ಇಳಕಲ್, ಬಾಗಲಕೋಟೆ ಕಡೆಯ ಬಟ್ಟೆ ಅಂಗಡಿಯವರು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆಂದು ಹದಿನೈದು ಸೆಕೆಂಡಿನ ಜಾಹೀರಾತು ಮಾಡುವಾಗ, ಒಂದು ಮಾದರಿ ಬರೆದು ಸರಕಿನ ಹೆಸರನ್ನಷ್ಟೇ ಬದಲಿಸುತ್ತಾ ಹೋಗುತ್ತಾರೆ. ಉಪಾಯವೇನೋ ಸರಿಯೇ, ಆದರೆ ವಾಕ್ಯ ಕೆಡುವುದೂ ಅಲ್ಲಿಯೇ.

ಮೊದಲು ಗೂಗಲ್ ಶೀಟ್‌ನಲ್ಲಿ ಐದು ಕಾಲಂ ಮಾಡಿ: ಹೆಸರು, ವಿಭಕ್ತಿ ರೂಪ, ವಿಶೇಷ, ಬೆಲೆ, ಆರಂಭದ ಸಾಲು. ಸರಕಿನ ಹಳೆಯ ಪಟ್ಟಿ ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಅದನ್ನು ಮೊದಲೇ ಪರಿವರ್ತಿಸಿಕೊಳ್ಳಿ.

ಎಚ್ಚರ ಬೇಕಾದದ್ದು ಎರಡನೆಯ ಕಾಲಂನಲ್ಲಿ. ಅಚ್ಚಿನಲ್ಲಿ ಹೆಸರಿನ ಮುಂದೆ ‘ಯ’ ಎಂದು ಅಂಟಿಸಿಬಿಟ್ಟರೆ ‘ಸೀರೆಯ’ ಸರಿಯಾಗುತ್ತದೆ, ‘ಖಣಯ’, ‘ಧೋತರಯ’ ನಗೆಗೀಡಾಗುತ್ತವೆ. ಆದ್ದರಿಂದ ಪ್ರತ್ಯಯವನ್ನು ಅಚ್ಚಿನಲ್ಲಿ ಇಡಲೇಬೇಡಿ. ಸೀರೆಯ, ಖಣದ, ಧೋತರದ, ಟವೆಲಿನ ಎಂದು ಪೂರ್ಣ ರೂಪವನ್ನೇ ಕಾಲಂನಲ್ಲಿ ಬರೆಯಿರಿ. ‘ಇಳಕಲ್ ಸೀರೆ, ಗೋಮಿ ದಡಿ’ ಎಂಬ ಉದ್ದ ಹೆಸರಿಗೂ ಇಲ್ಲಿ ‘ಸೀರೆಯ’ ಎಂದರೆ ಸಾಕು. ಹಾಗಾಗಿ ಐನೂರು ಸಾಲಿಗೂ ಬೇಕಾಗುವ ರೂಪಗಳು ಬೆರಳೆಣಿಕೆಯಷ್ಟೇ. ಇನ್ನು ಆರನೆಯ ಕಾಲಂನಲ್ಲಿ ಸೂತ್ರ ಹಾಕಿ ಕೆಳಗಿನವರೆಗೆ ಎಳೆಯಿರಿ:

```
=E2&" "&A2&". "&C2&". ಈ "&B2&" ಬೆಲೆ ತೆರೆಯ ಮೇಲಿದೆ."
```

ಫಲ ಹೀಗೆ ಬರುತ್ತದೆ: “ಹಬ್ಬಕ್ಕೆ ಕುಪ್ಪಸ ಹೊಲಿಸಬೇಕೆ? ಗುಳೇದಗುಡ್ಡ ಖಣ. ಹಸಿರು ಒಡಲು, ಕೆಂಪು ದಡಿ. ಈ ಖಣದ ಬೆಲೆ ತೆರೆಯ ಮೇಲಿದೆ.”

‘ಬಂದಿದೆ’, ‘ಬಂದಿವೆ’ ಎಂಬ ಕ್ರಿಯಾಪದಗಳನ್ನೂ ಅಚ್ಚಿನಿಂದ ದೂರವಿಡಿ. ಹೆಸರು ಏಕವಚನವೋ ಬಹುವಚನವೋ ಎಂಬುದು ಸೂತ್ರಕ್ಕೆ ತಿಳಿಯುವುದಿಲ್ಲ.

ವಿಶೇಷದ ಕಾಲಂನಲ್ಲಿ ‘ಆಕರ್ಷಕ’, ‘ಸುಂದರ’ ಎಂದು ತುಂಬಿಸುವವರೇ ಹೆಚ್ಚು. ಅಂತರ್ಜಾಲದಲ್ಲಿ ಮಾರಾಟಕ್ಕಿರುವ ಸಿದ್ಧ ಮಾದರಿಗಳೂ ಇಂಥ ಪದಗಳಿಂದಲೇ ತುಂಬಿರುತ್ತವೆ, ಅವಕ್ಕೆ ಹಣ ಕೊಡಬೇಡಿ. ಈ ಸೀರೆಗೂ ಪಕ್ಕದ ಸೀರೆಗೂ ಏನು ವ್ಯತ್ಯಾಸವೋ ಅದನ್ನಷ್ಟೇ ಬರೆಯಿರಿ: ದಡಿ ಗೋಮಿಯೋ ಪರಾಸಪೇಟವೋ, ಒಡಲು ಹತ್ತಿಯೋ ರೇಷ್ಮೆಯೋ. ತೋಪ ತೆನಿಯ ಸೆರಗು ಸಾಂಪ್ರದಾಯಿಕ ಇಳಕಲ್ ಸೀರೆಗಳ ಸಾಮಾನ್ಯ ಗುರುತಾದ್ದರಿಂದ ಅದು ಇಡೀ ಗುಂಪಿನ ಆರಂಭದ ಸಾಲಿಗೆ ಸೇರಬೇಕು. ಆರಂಭದ ಸಾಲನ್ನು ಒಂದೊಂದು ಸರಕಿಗಲ್ಲ, ಒಂದೊಂದು ಗುಂಪಿಗೆ ಬರೆದರೆ ಸಾಕು.

ಪರೀಕ್ಷಿಸಲು ಪಕ್ಕದ ಕಾಲಂನಲ್ಲಿ `=LEN(F2)` ಹಾಕಿ ಉದ್ದದ ಕ್ರಮದಲ್ಲಿ ಜೋಡಿಸಿ. ಈ ಎಣಿಕೆಯಲ್ಲಿ ‘ಕ್ಷ’ ಎಂಬ ಒಂದೇ ಅಕ್ಷರ ಮೂರಾಗುವುದರಿಂದ ಅಂಕಿಯನ್ನು ನಂಬಬೇಡಿ, ಕ್ರಮವನ್ನು ನೋಡಿ. ತೀರ ಚಿಕ್ಕ ಸಾಲುಗಳಲ್ಲಿ ಯಾವುದೋ ಕಾಲಂ ಖಾಲಿ ಉಳಿದಿರುತ್ತದೆ. ಅತಿ ಉದ್ದದ್ದನ್ನು ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ. ಹದಿನೈದು ಸೆಕೆಂಡು ಮೀರಿದರೆ ವಿಶೇಷವನ್ನು ಕತ್ತರಿಸಿ, ಓದುವ ವೇಗವನ್ನು ಹೆಚ್ಚಿಸಬೇಡಿ.

ಬೆಲೆಯನ್ನು ಮಾತ್ರ ದನಿಯಲ್ಲಿ ಹೇಳಿಸಲೇಬಾರದು. ಹಬ್ಬದ ರಿಯಾಯಿತಿ ಬಂದಾಗ ತೆರೆಯ ಮೇಲಿನ ಅಂಕಿಯನ್ನು ನಾಲ್ಕನೆಯ ಕಾಲಂ ನೋಡಿ ತಿದ್ದಬಹುದು. ಬೆಲೆ ದನಿಯಲ್ಲಿದ್ದರೆ ಅಷ್ಟೂ ಜಾಹೀರಾತುಗಳನ್ನು ಮತ್ತೆ ಓದಿಸಬೇಕಾಗುತ್ತದೆ.